‘ಕೊಟ್ಟಿದ್ದರೆ’ ಅಂದರೆ ಕೊಟ್ಟಿದ್ದಾರಾ, ಇಲ್ವಾ?

ಅಕ್ಕನ ಮಗ ಒಂದು ಸಂಜೆ ನಮ್ಮ ಮನೆ ಬಾಗಿಲಲ್ಲಿ ನಿಂತು ನನಗೊಂದು ಮೆಸೇಜ್ ಹಾಕಿದ: ‘ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿದ್ದರೆ ಒಳಗೆ ಹೋಗುತ್ತಿದ್ದೆ.’ ನನಗೆ ಗಾಬರಿ. ಪಕ್ಕದ ಮನೆಯವರ ಕೈಗೇ ಕೊಟ್ಟು ಬಂದಿದ್ದೆ. ಇವನು ಹೋಗಿ ಕೇಳಿ, ಅವರು ಇಲ್ಲ ಅಂದರೇನೋ ಎಂದು ಅವರಿಗೆ ಫೋನ್ ಮಾಡಿದೆ. ಅವನು ಆ ಕಡೆ ತಲೆಯೇ ಹಾಕಿರಲಿಲ್ಲ. ‘ಕೊಟ್ಟಿದ್ದೀಯಾ’ ಅಂತ ಕೇಳಿದ್ದಷ್ಟೇ ಅಂತೆ! ಅವನು ಬರೆಯಬೇಕಾಗಿದ್ದದ್ದು ‘ಕೊಟ್ಟಿದ್ದರೆ ಒಳಗೆ ಹೋಗುತ್ತೇನೆ’ ಎಂದು.

ಕರಡು ತಿದ್ದುವುದು ನನ್ನ ಕೆಲಸ. ಈ ತಪ್ಪು ವಾರಕ್ಕೆ ಎರಡು ಸಲವಾದರೂ ಕೈಗೆ ಸಿಗುತ್ತದೆ. ಹಾಗಾಗಿ ‘ರೆ’ ವಾಕ್ಯ ಕಟ್ಟುವ ಕ್ರಮವನ್ನು ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ.

ಮೊದಲು: ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಸಂಗತಿ ಆಗಿದೆಯೋ ಇಲ್ಲವೋ, ಆಗುತ್ತದೋ ಇಲ್ಲವೋ ನಿಮಗೆ ಗೊತ್ತಿಲ್ಲವಾ? ಹಾಗಿದ್ದರೆ ಅದು ನಿಜವಾಗಬಹುದಾದ ಮಾತು. ಆಗಿಲ್ಲ, ಇಲ್ಲ ಅಂತ ಗೊತ್ತಿದ್ದೂ ‘ಆಗಿದ್ದರೆ’ ಅನ್ನುತ್ತಿದ್ದೀರಾ? ಅದು ಬರೀ ಕಲ್ಪನೆ. ಇದನ್ನು ತೀರ್ಮಾನ ಮಾಡದೆ ಪೆನ್ನು ಎತ್ತಬೇಡಿ.

ಎರಡನೆಯದು: ‘ರೆ’ ಹಚ್ಚುವುದು. ಬಂದ, ಬಂದರೆ; ಓದಿದ, ಓದಿದರೆ; ಕೊಟ್ಟ, ಕೊಟ್ಟರೆ. ಇದು ಯಾರಿಗೂ ಕಷ್ಟವಲ್ಲ. ಹಳಗನ್ನಡದಲ್ಲಿ ‘ಬಂದೊಡೆ’ ಇತ್ತು, ವಚನಗಳಲ್ಲಿ ‘ಬಂದಡೆ’ ಸಿಗುತ್ತದೆ, ನಮ್ಮ ಬಾಯಲ್ಲಿ ‘ಬಂದ್ರೆ’ ಆಗಿದೆ. ನೋಡಲು ಭೂತಕಾಲದ ಹಾಗಿದ್ದರೂ ಇದರಲ್ಲಿ ಕಾಲ ಇಲ್ಲ. ‘ನಾಳೆ ಬಂದರೆ’ ಅನ್ನುತ್ತೇವಲ್ಲ.

ಶುರುವಿನಲ್ಲಿ ‘ಒಂದು ವೇಳೆ’ ಸೇರಿಸಬೇಕೆ? ಬೇಡ. ಸ್ಪೋಕನ್ ಇಂಗ್ಲಿಷ್ ಕಲಿಸುವ ಅಗ್ಗದ ಪುಸ್ತಕಗಳು ‘ಇಫ್ ಎಂದರೆ ಒಂದು ವೇಳೆ’ ಅಂತ ಪಟ್ಟಿ ಕೊಟ್ಟು ಈ ಚಟ ಹತ್ತಿಸಿವೆ. ‘ರೆ’ ಒಂದೇ ಆ ಕೆಲಸ ಮಾಡುತ್ತದೆ. ‘ಒಂದು ವೇಳೆ’ ಬಂದ ಮಾತ್ರಕ್ಕೆ ವಾಕ್ಯ ಕಲ್ಪನೆಯೂ ಆಗುವುದಿಲ್ಲ, ನಿಜವೂ ಆಗುವುದಿಲ್ಲ. ‘ಬಂದ ಪಕ್ಷದಲ್ಲಿ’ ಎಂಬುದನ್ನು ನೋಟಿಸ್ ಬೋರ್ಡಿಗೆ ಬಿಟ್ಟುಬಿಡಿ.

ಮೂರನೆಯದು: ವಾಕ್ಯದ ಬಾಲ. ಎಲ್ಲರೂ ಎಡವುವುದು ಇಲ್ಲೇ. ನಿಜವೋ ಕಲ್ಪನೆಯೋ ಅನ್ನುವುದು ‘ರೆ’ಯಲ್ಲಿ ಇಲ್ಲ, ಕೊನೆಯ ಕ್ರಿಯಾಪದದಲ್ಲಿ ಇದೆ. ಬೀಗದ ಕೈ ಮಾತನ್ನೇ ಮತ್ತೆ ನೋಡಿ. ಎರಡು ವಾಕ್ಯದಲ್ಲೂ ‘ಕೊಟ್ಟಿದ್ದರೆ’ ಒಂದೇ. ‘ಹೋಗುತ್ತೇನೆ’ ಅಂದರೆ ಕೊಟ್ಟಿದ್ದಾರೋ ಇಲ್ಲವೋ ಗೊತ್ತಿಲ್ಲ, ಕೇಳಿ ನೋಡುತ್ತೇನೆ ಎಂದರ್ಥ. ‘ಹೋಗುತ್ತಿದ್ದೆ’ ಅಂದರೆ ಕೊಟ್ಟಿಲ್ಲ, ಹೊರಗೇ ನಿಂತಿದ್ದೇನೆ ಎಂದರ್ಥ.

ನಿಜದ ಮಾತಿಗೆ ಬಾಲ ಹೇಗೂ ಇರಬಹುದು: ಮಳೆ ಬಂದರೆ ಕಿಟಕಿ ಮುಚ್ಚು, ಮುಚ್ಚುತ್ತೇನೆ, ಮುಚ್ಚಬೇಕು, ಮುಚ್ಚಬಹುದು. ಕಲ್ಪನೆಗೆ ಮಾತ್ರ ಬಾಲದಲ್ಲಿ ‘ಇದ್ದ’ ಅಥವಾ ‘ಇತ್ತು’ ಬೇಕೇ ಬೇಕು: ಮುಚ್ಚುತ್ತಿದ್ದೆ, ಮುಚ್ಚಬೇಕಿತ್ತು, ಮುಚ್ಚಬಹುದಿತ್ತು. ಇಲ್ಲ ಅನ್ನುವಾಗ ‘ಮುಚ್ಚುತ್ತಿರಲಿಲ್ಲ’.

ಈ ‘ಬಹುದು’ ತುಂಬಾ ಅಪಾಯಕಾರಿ. ಅಪಘಾತದ ವರದಿಯೊಂದರಲ್ಲಿ ‘ಹೆಲ್ಮೆಟ್ ಹಾಕಿದ್ದರೆ ಸವಾರ ಬದುಕಿರಬಹುದು’ ಎಂದು ಬಂದಿತ್ತು. ಸವಾರ ತೀರಿಕೊಂಡಿದ್ದ. ಆ ವಾಕ್ಯ ಓದಿದವರಿಗೆ ಅವನು ಇನ್ನೂ ಎಲ್ಲೋ ಜೀವಂತ ಇರಬಹುದು ಅನ್ನಿಸುತ್ತದೆ. ‘ಬದುಕಬಹುದಿತ್ತು’ ಅಥವಾ ‘ಬದುಕುತ್ತಿದ್ದ’ ಎಂದು ತಿದ್ದಿದೆ. ಮನೆಯವರು ಓದುವ ವಾಕ್ಯ ಅದು.

ಬಾಲ ಸರಿ ಮಾಡಿದರೆ ಸಾಕಾ? ಸಾಲದು. ‘ಕರೆದರೆ ಬರುತ್ತಿದ್ದ’ ಎಂಬುದಕ್ಕೆ ಎರಡು ಅರ್ಥ. ಕರೆದಾಗಲೆಲ್ಲ ಬರುವ ರೂಢಿ ಇತ್ತು ಅನ್ನುವುದು ಒಂದು. ಯಾರೂ ಕರೆಯಲಿಲ್ಲ, ಅದಕ್ಕೇ ಬರಲಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ಅವನನ್ನು ಹೊಗಳುತ್ತದೆ, ಎರಡನೆಯದು ನಮ್ಮನ್ನು ದೂರುತ್ತದೆ. ಮಾತಿನಲ್ಲಿ ದನಿ ಕೇಳಿ ಗೊತ್ತಾಗುತ್ತದೆ, ಕಾಗದಕ್ಕೆ ದನಿ ಇಲ್ಲ. ಅದಕ್ಕೆ ಕಲ್ಪನೆಯಾದರೆ ತಲೆಯ ಕಡೆಗೂ ಒಂದು ‘ಇದ್ದ’ ಹಾಕಿ: ಕರೆದಿದ್ದರೆ ಬರುತ್ತಿದ್ದ. ರೂಢಿಯಾದರೆ ‘ಕರೆದಾಗಲೆಲ್ಲ ಬರುತ್ತಿದ್ದ’ ಎಂದೇ ಬರೆಯಿರಿ.

ಕ್ರಿಯಾಪದವೇ ‘ಇರು’ ಆಗಿದ್ದರೆ ಅದು ‘ಇದ್ದಿದ್ದರೆ’ ಆಗುತ್ತದೆ. ‘ಛತ್ರಿ ಇದ್ದರೆ ಕೊಡುತ್ತಿದ್ದೆ’ ಅನ್ನುವುದಕ್ಕಿಂತ ‘ಛತ್ರಿ ಇದ್ದಿದ್ದರೆ ಕೊಡುತ್ತಿದ್ದೆ’ ಸ್ಪಷ್ಟ. ಎರಡು ‘ಇದ್ದ’ ಬಂತು ಅಂತ ಕೆಲವರು ಒಂದನ್ನು ಹೊಡೆದು ಹಾಕುತ್ತಾರೆ. ಹೊಡೆಯಬೇಡಿ. ‘ಕರೆದಿದ್ದಿದ್ದರೆ’ ಮಾತ್ರ ನನಗೆ ಜಾಸ್ತಿ ಅನ್ನಿಸುತ್ತದೆ. ಅದನ್ನು ನಾನು ಕತ್ತರಿಸುತ್ತೇನೆ.

ನಾಲ್ಕನೆಯದು: ಕಾಲಕ್ಕೆ ಬೇರೆ ಪದ ಹಾಕಿ. ‘ರಜೆ ಇದ್ದಿದ್ದರೆ ಬರುತ್ತಿದ್ದೆ’ ಎಂಬುದಕ್ಕೆ ನಿನ್ನೆ, ಇವತ್ತು, ನಾಳೆ ಮೂರೂ ಹೊಂದುತ್ತವೆ. ಇಂಗ್ಲಿಷಿನಲ್ಲಿ ಈಗಿನ ಕಲ್ಪನೆಗೆ ಒಂದು ರೂಪ, ಆಗಿಹೋದದ್ದರ ಕಲ್ಪನೆಗೆ ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ಇದೊಂದೇ ಸಾಕು. ಅನುವಾದ ಮಾಡುವವರು ಬೇಕಿಲ್ಲದ ಎರಡನೇ ರೂಪ ಹುಡುಕುತ್ತಾ ‘ಬಂದಿರುತ್ತಿದ್ದಿರಬಹುದಾಗಿತ್ತು’ ಎಂಬಂಥದ್ದನ್ನು ಕಟ್ಟುತ್ತಾರೆ. ‘ನಾಳೆ ರಜೆ ಇದ್ದಿದ್ದರೆ ಬರುತ್ತಿದ್ದೆ’ ಅಂದರೆ ಮುಗಿಯಿತು.

ಕೊನೆಗೆ ಪರೀಕ್ಷೆ: ಕಲ್ಪನೆಯ ವಾಕ್ಯ ಬರೆದ ಮೇಲೆ ‘ಆದರೆ’ ಎಂದು ಶುರು ಮಾಡಿ ಎರಡು ತುದಿಗಳನ್ನೂ ತಿರುಗಿಸಿ ನೋಡಿ. ‘ಅಲಾರಂ ಹೊಡೆಯದೇ ಇದ್ದಿದ್ದರೆ ನಾನು ಏಳುತ್ತಿರಲಿಲ್ಲ.’ ಆದರೆ ಹೊಡೆಯಿತು, ಎದ್ದೆ. ನಡೆದದ್ದು ಅದೇ ಆಗಿದ್ದರೆ ವಾಕ್ಯ ಸರಿ. ‘ಇಲ್ಲ’ ಎರಡೂ ಕಡೆ ಬಂದಾಗಲಂತೂ ಇದನ್ನು ಬಿಡಲೇಬೇಡಿ. ‘ಹೊಡೆಯದಿದ್ದರೆ’ ಅನ್ನುವುದರಲ್ಲಿ ‘ಇದ್ದರೆ’ ಮೊದಲೇ ಕೂತಿರುವುದರಿಂದ ಅದು ನಿಜಕ್ಕೂ ಸಲ್ಲುತ್ತದೆ, ಕಲ್ಪನೆಗೂ ಸಲ್ಲುತ್ತದೆ. ಬಾಲ ಒಂದು ಜಾರಿದರೆ ಅರ್ಥವೂ ಜಾರುತ್ತದೆ.

ಒಂದು ಕಡೆ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ. ನಾವು ಏನಾದರೂ ಕೇಳುವಾಗ ಸಂಕೋಚಕ್ಕೆ ಕಲ್ಪನೆಯ ಬಾಲವನ್ನೇ ಹಿಡಿಯುತ್ತೇವೆ. ‘ಒಂದು ಪೆನ್ನು ಬೇಕಿತ್ತು’ ಅನ್ನುತ್ತೇವೆ. ಪೆನ್ನು ಬೇಕಾಗಿರುವುದು ಈಗಲೇ, ಆದರೂ ‘ಬೇಕು’ ಅಂದರೆ ಒರಟು. ‘ನೀವು ಸ್ವಲ್ಪ ಬಂದಿದ್ದರೆ ಚೆನ್ನಾಗಿರುತ್ತಿತ್ತು’ ಎಂದು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರೆ ಅದು ಕರೆಯುವ ಮಾತು. ಎದುರಿಗಿರುವವರು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಅದನ್ನೇ ಮೆಸೇಜಿನಲ್ಲಿ ಬರೆದರೆ ‘ನೀವು ಬರಲೇ ಇಲ್ಲ’ ಎಂಬ ದೂರು. ಬರೆಯುವಾಗ ‘ಬಂದರೆ ಚೆನ್ನಾಗಿರುತ್ತದೆ’ ಎಂದೇ ಹಾಕಿ.