ಮಡಚುವ ಅಂಗಡಿ ಮಾಡಿಸುವ ಮುಂಚೆ ಗಿರಾಕಿಯ ಜಾಗವನ್ನೂ ಅಳೆಯಿರಿ

ಫುಟ್‌ಪಾತ್ ಮೇಲೆ ಮಡಚುವ ಅಂಗಡಿ ಮಾಡಿಸುವವರು ಸಾಮಾನ್ಯವಾಗಿ ಮುಚ್ಚಿದ ಪೆಟ್ಟಿಗೆಯ ಅಳತೆ ಮಾತ್ರ ನೋಡುತ್ತಾರೆ. ತೆರೆದಾಗಿನ ಅಳತೆ ಮುಖ್ಯ, ಅಲ್ವಾ? ಗಿರಾಕಿ ನಿಲ್ಲುವ ಜಾಗವೂ ಅದರಲ್ಲೇ ಸೇರುತ್ತದೆ.

ಫುಟ್‌ಪಾತ್ 6 ಅಡಿ ಅಗಲ ಇದೆ ಅಂದುಕೊಳ್ಳಿ. ನಡೆಯುವವರಿಗೆ, ಗಾಲಿಕುರ್ಚಿಗೆ ಕನಿಷ್ಠ 3 ಅಡಿ ಬಿಡಿ. ಗಿರಾಕಿಗೆ ಒಂದೂವರೆ ಅಡಿ. ಅಂಗಡಿಗೆ ಉಳಿಯುವುದು ಒಂದೂವರೆ ಅಡಿ ಮಾತ್ರ. ಹಾಗಾಗಿ ಹಲಗೆಗಳು ಮುಂದಕ್ಕಲ್ಲ, ಎರಡೂ ಪಕ್ಕಕ್ಕೆ ಬಿಚ್ಚಿಕೊಳ್ಳಬೇಕು. ನೀವು ಕೂರುವುದೂ ಒಂದು ತುದಿಯಲ್ಲೇ.

ಪಕ್ಕದ ಹಲಗೆಗೆ ಕೆಳಗಿನಿಂದ ಮಡಚುವ ಕಾಲು ಕೊಡಿಸಿ. ಕಾಲಿಲ್ಲದೆ ಹಲಗೆ ಮೇಲೆ ಭಾರ ಇಟ್ಟರೆ ಪೆಟ್ಟಿಗೆ ಆ ಕಡೆ ವಾಲುತ್ತದೆ. ಭಾರದ ಸಾಮಾನು ಯಾವಾಗಲೂ ತಳದಲ್ಲಿರಲಿ. ಖಾಲಿ ಪೆಟ್ಟಿಗೆಯ ಮೇಲ್ತುದಿಯನ್ನು ಕೈಯಿಂದ ತಳ್ಳಿ ನೋಡಿ. ಸುಲಭವಾಗಿ ಹಿಂದಿನ ಕಾಲು ಎದ್ದರೆ ತಳ ಹಗುರವಾಗಿದೆ ಎಂದರ್ಥ.

ಬೀಗದ ವಿಷಯದಲ್ಲಿ ಜನ ಎಡವುವುದು ತಿರುಗಣಿಯಲ್ಲಿ. ದೊಡ್ಡ ಬೀಗ ಹಾಕಿ, ತಿರುಗಣಿಯ ಸ್ಕ್ರೂ ಹೊರಗೇ ಕಾಣುವಂತೆ ಬಿಟ್ಟರೆ ಸ್ಕ್ರೂಡ್ರೈವರ್ ಇದ್ದವನಿಗೆ ಬೀಗವೇ ಬೇಡ! ಮುಚ್ಚಿದಾಗ ಸ್ಕ್ರೂಗಳೂ ತಿರುಗಣಿಯ ಕಡ್ಡಿಯೂ ಒಳಗೆ ಸೇರುವಂತೆ ಮಾಡಿಸಿ. ಚಿಲಕಕ್ಕೆ ಆರಪಾರ ಬೋಲ್ಟ್ ಹಾಕಿಸಿ, ನಟ್ಟು ಒಳಗಡೆ ಇರಲಿ.