ಬೇಸಿನ್ ನೀರು ನಿಧಾನವಾಗಿ ಇಳಿಯುತ್ತಿದ್ದರೆ: ಪಾಪ್-ಅಪ್, ಬಾಟಲ್ ಟ್ರ್ಯಾಪ್, ಓವರ್‌ಫ್ಲೋ ನಾನು ಪರೀಕ್ಷಿಸುವ ಬಗೆ

ವಾಷ್ ಬೇಸಿನ್‌ನಲ್ಲಿ ನೀರು ನಿಂತು ನಿಂತು ಇಳಿಯುತ್ತಿದೆ ಎಂದ ಕೂಡಲೇ ಬಹಳ ಮಂದಿ ಡ್ರೈನ್ ಕ್ಲೀನರ್ ಪುಡಿ ಸುರಿಯುತ್ತಾರೆ, ಇಲ್ಲವೇ ಬೇಸಿನ್ ಕೆಳಗೆ ಸದಾ ನೀರು ನಿಂತಿರುವ ಬಾಟಲ್ ಟ್ರ್ಯಾಪ್ ಬಿಚ್ಚುತ್ತಾರೆ. ಕೊಳೆ ಕಟ್ಟಿಕೊಂಡಿದ್ದರೆ ಇದರಿಂದ ಪ್ರಯೋಜನವಿದೆ. ಆದರೆ ಎಲ್ಲವೂ ಸ್ವಚ್ಛವಾಗಿದ್ದೂ ನೀರು ಇಳಿಯದ ಬೇಸಿನ್‌ಗಳು ಎಷ್ಟೋ ಇವೆ. ಅಲ್ಲಿ ತಡೆ ಇರುವುದು ಗಾಳಿಯಲ್ಲಿ. ಬೇಸಿನ್ ಬಾಯಿಗೂ ಟ್ರ್ಯಾಪಿನಲ್ಲಿ ನಿಂತ ನೀರಿಗೂ ನಡುವಿನ ಕೊಳವೆಯಲ್ಲಿ ಗಾಳಿ ತುಂಬಿರುತ್ತದೆ. ಮೇಲಿನ ನೀರು ಕೆಳಗಿಳಿಯಬೇಕಾದರೆ ಆ ಗಾಳಿ ಎಲ್ಲಿಂದಲೋ ಹೊರಬೀಳಬೇಕು. ಹೊರಬೀಳಲು ದಾರಿಯಿಲ್ಲದಿದ್ದರೆ ಅದೇ ಬಾಯಿಯಿಂದ ಗುಳುಗುಳು ಎನ್ನುತ್ತಾ ಮೇಲೆ ಬರುತ್ತದೆ. ಅದು ಮೇಲೆ ಬರುವಷ್ಟು ಹೊತ್ತು ನೀರು ಕಾಯಬೇಕು.

ಓವರ್‌ಫ್ಲೋ ತೂತಿಗೆ ಎರಡು ಕೆಲಸಗಳಿವೆ. ನಲ್ಲಿ ತೆರೆದಿಟ್ಟು ಮರೆತಾಗ ನೀರು ಹೊರಚೆಲ್ಲದಂತೆ ನೋಡಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಎರಡನೆಯದು ಈ ಗಾಳಿಗೆ ದಾರಿ ಕೊಡುವುದು. ಪಿಂಗಾಣಿ ಬೇಸಿನ್‌ನ ಗೋಡೆಯೊಳಗೇ ಒಂದು ಟೊಳ್ಳು ಇರುತ್ತದೆ. ಅದು ಮೇಲಿನ ತೂತಿನಿಂದ ಹೊರಟು ಕೆಳಗೆ, ಬೇಸಿನ್ನನ್ನು ಟ್ರ್ಯಾಪಿಗೆ ಜೋಡಿಸುವ ವೇಸ್ಟ್ ಕಪ್ಲಿಂಗ್ ಕೂರುವ ರಂಧ್ರದ ಸುತ್ತ ಬಂದು ಸೇರುತ್ತದೆ. ಕಪ್ಲಿಂಗ್‌ನ ಪಕ್ಕದಲ್ಲಿ ಸೀಳುಗಳಿದ್ದರೆ ಮಾತ್ರ ಈ ಟೊಳ್ಳಿಗೂ ಕೊಳವೆಗೂ ಸಂಪರ್ಕ. ಕೆಲವು ಸ್ಟೀಲ್ ಬೇಸಿನ್‌ಗಳಲ್ಲಿ ಟೊಳ್ಳಿನ ಬದಲು ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪು ಹೊರಗಿನಿಂದ ಕಪ್ಲಿಂಗಿಗೆ ಬರುತ್ತದೆ. ಅದು ನಡುವೆ ಜೋತುಬಿದ್ದು ಹೊಂಡವಾದರೆ ನೀರು ಅಲ್ಲೇ ನಿಂತು ಗಾಳಿಯ ದಾರಿ ಮುಚ್ಚುತ್ತದೆ. ಮೇಲಿನಿಂದ ಕೆಳಗಿನವರೆಗೂ ಒಂದೇ ಇಳಿಜಾರಿನಲ್ಲಿ ಇರುವಂತೆ ಅದನ್ನು ಕತ್ತರಿಸಿಕೊಳ್ಳಬೇಕು.

ಹಾಗಾಗಿ ಏನನ್ನೂ ಬಿಚ್ಚುವ ಮೊದಲು ನಾನು ಅಳೆಯುತ್ತೇನೆ. ರಂಧ್ರದ ಮುಚ್ಚಳವಾದ ಪಾಪ್-ಅಪ್ ಮುಚ್ಚಿ ನಾಲ್ಕು ಲೀಟರ್ ನೀರು ಸುರಿದು, ಒತ್ತಿ ತೆರೆದು, ಪೂರ್ತಿ ಇಳಿಯಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಮೊಬೈಲಿನಲ್ಲಿ ನೋಡುತ್ತೇನೆ. 32 ಮಿ.ಮೀ. ವೇಸ್ಟ್ ಕಪ್ಲಿಂಗ್ ಇರುವ, ಸರಿಯಾಗಿ ಜೋಡಿಸಿದ ಬೇಸಿನ್‌ನಲ್ಲಿ ಇದು ಹತ್ತರಿಂದ ಹದಿನೈದು ಸೆಕೆಂಡಿನ ಕೆಲಸ. ಅರ್ಧ ನಿಮಿಷ ದಾಟಿದರೆ ಎಲ್ಲೋ ತಡೆಯಿದೆ. ಒಂದೊಂದು ಭಾಗ ಸರಿಮಾಡಿದ ಮೇಲೂ ಇದೇ ನಾಲ್ಕು ಲೀಟರ್ ಸುರಿದು ಮತ್ತೆ ಅಳೆದರೆ ಯಾವುದರಿಂದ ಎಷ್ಟು ತಡವಾಗುತ್ತಿತ್ತು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೊದಲ ಪರೀಕ್ಷೆ ಪಾಪ್-ಅಪ್ ಮುಚ್ಚಳದ್ದು. ಒತ್ತಿದರೆ ಮೇಲೇಳುವ ಬಗೆಯದಾದರೆ ಮುಚ್ಚಳವನ್ನು ತೆರೆದ ಸ್ಥಿತಿಯಲ್ಲಿಟ್ಟು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಜಾರಿದರೆ ರಬ್ಬರ್ ಕೈಗವಸು ಹಾಕಿಕೊಂಡು ಹಿಡಿಯಿರಿ. ಕೆಲವು ಮಾದರಿಗಳಲ್ಲಿ ಮುಚ್ಚಳದ ಜೊತೆ ಒಳಗಿನ ಸ್ಪ್ರಿಂಗ್ ಭಾಗವೂ ಬರುತ್ತದೆ. ಕೆಳಗಿನ ಕಡ್ಡಿಗೆ ಕೂದಲು ಸುತ್ತಿಕೊಂಡು, ಅದಕ್ಕೆ ಪೇಸ್ಟು, ಸೋಪಿನ ಲೋಳೆ ಮೆತ್ತಿ ಕಪ್ಪು ಮುದ್ದೆಯಾಗಿರುತ್ತದೆ. ಕೂದಲನ್ನು ಎಳೆಯಬೇಡಿ, ಬ್ಲೇಡಿನಿಂದ ಕುಯ್ದು ತೆಗೆಯಿರಿ. ಎಳೆದರೆ ಅರ್ಧ ತುಂಡಾಗಿ ಟ್ರ್ಯಾಪಿಗೆ ಬೀಳುತ್ತದೆ.

ಮುಚ್ಚಳ ಎಷ್ಟು ಮೇಲೇಳುತ್ತದೆ ಎಂಬುದನ್ನೂ ಇಲ್ಲೇ ನೋಡಬೇಕು. ನೀರು ಮುಚ್ಚಳದ ಸುತ್ತಲಿನ ಸಂದಿಯಿಂದ ಒಳಗಿಳಿಯುತ್ತದೆ. ಆ ಸಂದಿ ರಂಧ್ರದ ವ್ಯಾಸದ ನಾಲ್ಕನೇ ಒಂದು ಭಾಗದಷ್ಟಿದ್ದರೆ ಒಳದಾರಿಯೂ ಕೊಳವೆಯ ಬಾಯಿಯೂ ಸಮ. 32 ಮಿ.ಮೀ. ರಂಧ್ರಕ್ಕೆ ಅದು 8 ಮಿ.ಮೀ. ಬರೀ 4 ಮಿ.ಮೀ. ಏಳುವ ಮುಚ್ಚಳವೆಂದರೆ ಹೊಸದಾಗಿದ್ದರೂ ಅರ್ಧ ಬಾಯಿ ಮುಚ್ಚಿದಂತೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಿಳಿ ಉಪ್ಪು ಕಟ್ಟಿ ಮುಚ್ಚಳ ಪೂರ್ತಿ ಮೇಲೇಳದಿರುವುದೂ ಸಾಮಾನ್ಯ. ಬಿಚ್ಚಿದ ಭಾಗವನ್ನು ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರೆ ಉಪ್ಪು ಬಿಡುತ್ತದೆ. ಟಾಯ್ಲೆಟ್ ಕ್ಲೀನರ್ ಆಸಿಡ್ ಬೇಡ, ಕ್ರೋಮ್ ಲೇಪ ಹಾಳಾಗುತ್ತದೆ. ಕೆಲವು ಪಾಪ್-ಅಪ್‌ಗಳಲ್ಲಿ ಮುಚ್ಚಳದಡಿಯ ಸ್ಕ್ರೂ ತಿರುಗಿಸಿ ಎತ್ತರ ಹೆಚ್ಚಿಸಬಹುದು.

ಮುಚ್ಚಳ ತೆಗೆದಿಟ್ಟು ರಂಧ್ರವನ್ನು ಅಂಗೈಯಿಂದ ಮುಚ್ಚಿ, ನೀರು ತುಂಬಿಸಿ, ಮತ್ತೆ ಅಳೆಯಿರಿ. ಸಮಯ ಹತ್ತಿಪ್ಪತ್ತು ಸೆಕೆಂಡಿಗೆ ಇಳಿದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ಬಾಟಲ್ ಟ್ರ್ಯಾಪ್.

ಕೆಳಗೊಂದು ಬಕೆಟ್ ಇಟ್ಟು ಬಾಟಲಿಯ ತಳದ ಬಟ್ಟಲನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ. ಬಿಗಿಯಾಗಿದ್ದರೆ ಬಟ್ಟೆ ಸುತ್ತಿ ಪೈಪ್ ರೆಂಚ್ ಹಾಕಿ. ಬೇಸಿನ್ ಕಪ್ಲಿಂಗ್‌ ತಾನೂ ತಿರುಗದಂತೆ ಮೇಲಿನ ಕೊಳವೆಯನ್ನು ಇನ್ನೊಂದು ಕೈಯಲ್ಲಿ ಹಿಡಿದಿರಬೇಕು. ಊಟದ ಕೋಣೆಯಲ್ಲಿ ಕೈತೊಳೆಯುವ ಬೇಸಿನ್ ಆದರೆ ಬಟ್ಟಲಲ್ಲಿ ಅನ್ನದಗುಳು, ಒಗ್ಗರಣೆ ಸಾಸಿವೆ, ಕರಿಬೇವು, ತುಪ್ಪದ ಜಿಡ್ಡು ಎಲ್ಲ ಸೇರಿ ಗಟ್ಟಿಯಾಗಿರುತ್ತದೆ. ಬಟ್ಟಲನ್ನು ತೊಳೆದಷ್ಟಕ್ಕೇ ನಿಲ್ಲಿಸಬೇಡಿ, ಮಧ್ಯದಲ್ಲಿ ಇಳಿಬಿದ್ದ ಒಳನಳಿಕೆಯ ಒಳಗೂ ಹೊರಗೂ ಬಾಟಲ್ ಬ್ರಷ್ ಆಡಿಸಿ. ಕೂದಲು ಜೋತುಬಿದ್ದಿರುವುದು ಅಲ್ಲೇ. ತೊಳೆಯಲು ಕೈಗೆ ತಡೆಯುವಷ್ಟು ಬಿಸಿನೀರು, ಪಾತ್ರೆ ತೊಳೆಯುವ ದ್ರಾವಣ ಸಾಕು. ಕುದಿನೀರು ಸುರಿದರೆ ಪಿಂಗಾಣಿ ಬಿರುಕು ಬಿಡಬಹುದು, ಪಿವಿಸಿ ಪೈಪು ಮೆತ್ತಗಾಗುತ್ತದೆ. ಬಕೆಟ್‌ನ ಕೊಳೆನೀರನ್ನು ಟಾಯ್ಲೆಟ್ಟಿಗೆ ಚೆಲ್ಲಿ. ಬಟ್ಟಲು ಇನ್ನೂ ಹಾಕಿರದ ಬೇಸಿನ್‌ಗೆ ಚೆಲ್ಲಿದರೆ ನೆಲವೆಲ್ಲ ಒದ್ದೆ. ಮೊದಲೇ ಡ್ರೈನ್ ಕ್ಲೀನರ್ ಹಾಕಿದ್ದರೆ ಕೈಗವಸು, ಕನ್ನಡಕ ಇಲ್ಲದೆ ಟ್ರ್ಯಾಪಿಗೆ ಕೈ ಹಾಕಲೇಬೇಡಿ. ಅದರಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಇರುತ್ತದೆ, ಚರ್ಮ ಸುಡುತ್ತದೆ.

ಬಟ್ಟಲು ಬಿಚ್ಚಿರುವಾಗಲೇ ಗೋಡೆಯ ಕಡೆ ಹೋಗುವ ಅಡ್ಡ ಪೈಪನ್ನೂ ನೋಡಬೇಕು. ಗೋಡೆಯೊಳಗೆ ತಕ್ಷಣವೇ ಎಲ್ಬೋ ಇದ್ದು, ಅಡ್ಡ ಪೈಪನ್ನು ಉದ್ದ ಕತ್ತರಿಸದೆ ಹಾಗೇ ಒಳಕ್ಕೆ ತಳ್ಳಿದ್ದರೆ ಅದರ ತುದಿ ಎಲ್ಬೋದ ಎದುರು ಗೋಡೆಗೆ ಒತ್ತಿಕೊಂಡು ದಾರಿ ಮುಚ್ಚುತ್ತದೆ. ಪೈಪನ್ನು ಒಂದಿಂಚು ಹೊರಗೆಳೆದು ಅಳೆದರೆ ಇದು ಗೊತ್ತಾಗುತ್ತದೆ. ಸರಿಮಾಡಲು ಹ್ಯಾಕ್‌ಸಾ ಬ್ಲೇಡು ಸಾಕು. ಅಡ್ಡ ಪೈಪನ್ನು ಕಳಚಿ ಗೋಡೆಯ ಬಾಯಿಗೆ ಒಂದು ಮಗ್ ನೀರನ್ನು ನಿಧಾನಕ್ಕೆ ಸುರಿದಾಗ ನೀರು ಹಿಂದಕ್ಕೆ ಬಂದರೆ ತೊಂದರೆ ನೆಲದ ನಹನಿ ಟ್ರ್ಯಾಪ್ ಕಡೆಯದು. ನಮ್ಮಲ್ಲಿ ಬೇಸಿನ್ ಪೈಪು ಬಹುಪಾಲು ಅಲ್ಲಿಗೇ ಹೋಗಿ ಸೇರುತ್ತದೆ. ಅದರ ಜಾಲಿ ಎತ್ತಿ, ಬೇಸಿನ್ ಪೈಪಿನ ಬಾಯಿ ನಿಂತ ನೀರಿನ ಮೇಲಿದೆಯೇ ನೋಡಿ. ನೀರಿನೊಳಗೆ ಮುಳುಗಿದ್ದರೆ ಎರಡು ಟ್ರ್ಯಾಪುಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎಷ್ಟು ಸ್ವಚ್ಛ ಮಾಡಿದರೂ ನೀರು ಓಡದು.

ಇಷ್ಟೆಲ್ಲ ಸರಿಯಿದ್ದೂ ತಡವಾಗುವ ಬೇಸಿನ್‌ಗೆ ಒಂದು ಉದಾಹರಣೆ ಕೊಡುತ್ತೇನೆ. ಓವರ್‌ಫ್ಲೋ ತೂತಿರುವ ಬಾತ್‌ರೂಮ್ ಬೇಸಿನ್. ಹಳೆಯ ಜಾಲಿ ವೇಸ್ಟ್ ತೆಗೆದು ಹೊಸ ಪಾಪ್-ಅಪ್ ಹಾಕಿಸಿದ ದಿನದಿಂದ ನೀರು ನಿಧಾನ. ನಾಲ್ಕು ಲೀಟರಿಗೆ ಐವತ್ತು ಸೆಕೆಂಡ್. ಮುಚ್ಚಳ ತೆಗೆದಾಗ ನಲವತ್ತು. ಟ್ರ್ಯಾಪಿನಲ್ಲಿ ಕೊಳೆಯಿಲ್ಲ, ಗೋಡೆಯ ಪೈಪು ನೀರು ಎಳೆದುಕೊಳ್ಳುತ್ತದೆ. ಇಳಿಯುವಾಗ ಮಾತ್ರ ದೊಡ್ಡ ದೊಡ್ಡ ಗುಳ್ಳೆ. ಇಂಥಲ್ಲಿ ನಾನು ಬಳಸುವುದು ಮೀನಿನ ತೊಟ್ಟಿಗೆ ಗಾಳಿ ಊದುವ ತೆಳು ನಳಿಕೆ, ಒಂದಡಿ ಉದ್ದ. ಅದರ ಒಂದು ತುದಿಯನ್ನು ರಂಧ್ರದೊಳಗೆ ನಾಲ್ಕಿಂಚು ಇಳಿಸಿ, ಇನ್ನೊಂದು ತುದಿ ನೀರಿನ ಮಟ್ಟಕ್ಕಿಂತ ಮೇಲಿರುವಂತೆ ಹಿಡಿದು ನೀರು ಬಿಟ್ಟರೆ, ಗುಳ್ಳೆ ನಿಂತು ಹದಿನಾಲ್ಕು ಸೆಕೆಂಡಿನಲ್ಲಿ ಬೇಸಿನ್ ಖಾಲಿ. ಸಿಕ್ಕಿಬಿದ್ದ ಗಾಳಿ ಆ ಪುಟ್ಟ ನಳಿಕೆಯಿಂದ ಹೊರಟುಹೋಯಿತು. ಇದಕ್ಕಿಂತ ಖಚಿತವಾದ ಪರೀಕ್ಷೆ ಬೇರೆ ಬೇಕಿಲ್ಲ.

ಮುಂದೆ ಓವರ್‌ಫ್ಲೋ ತೂತಿಗೆ ಚೊಂಬಿನಿಂದ ನೀರು ಹೊಯ್ದು ನೋಡಬೇಕು. ಅದು ಟ್ರ್ಯಾಪಿಗೆ ಇಳಿಯುವ ಸದ್ದು ಕೇಳಬೇಕು. ಇಲ್ಲಿ ತೂತು ತುಂಬಿ ನೀರು ಹಿಂದಕ್ಕೆ ಬಂತು. ಕಪ್ಲಿಂಗ್ ಬಿಚ್ಚಿದಾಗ ಕಾರಣ ಎದುರಿಗೇ ಇತ್ತು: ಹಾಕಿದ್ದು ಫುಲ್ ಥ್ರೆಡ್ ವೇಸ್ಟ್. ಅಂಗಡಿಯಲ್ಲಿ 32 ಮಿ.ಮೀ. ವೇಸ್ಟ್ ಎಂದು ಕೇಳಿದರೆ ಎರಡು ಬಗೆ ಕೊಡುತ್ತಾರೆ. ಫುಲ್ ಥ್ರೆಡ್‌ನಲ್ಲಿ ಮೇಲಿನಿಂದ ಕೆಳಗಿನವರೆಗೂ ತಿರುಪಿನ ಮರೆಯೇ, ಪಕ್ಕದಲ್ಲಿ ಸೀಳಿಲ್ಲ. ಅದು ಓವರ್‌ಫ್ಲೋ ಇಲ್ಲದ ಟೇಬಲ್‌ಟಾಪ್ ಬೇಸಿನ್‌ಗೆ. ಹಾಫ್ ಥ್ರೆಡ್‌ನಲ್ಲಿ ಮೇಲಿನ ಭಾಗ ನುಣುಪಾಗಿದ್ದು ಪಕ್ಕದಲ್ಲಿ ಸೀಳುಗಳಿರುತ್ತವೆ; ಅದು ಓವರ್‌ಫ್ಲೋ ಇರುವ ಬೇಸಿನ್‌ಗೆ. ಅದಲುಬದಲಾದರೆ ಎರಡೂ ಕಡೆ ತೊಂದರೆ. ಓವರ್‌ಫ್ಲೋ ಇಲ್ಲದ ಬೇಸಿನ್‌ಗೆ ಸೀಳಿರುವುದನ್ನು ಹಾಕಿದರೆ ನೀರು ಸೀಳಿನಿಂದ ಹೊರಬಂದು, ಕಪ್ಲಿಂಗನ್ನು ಕೆಳಗಿನಿಂದ ಬಿಗಿಮಾಡುವ ಚೆಕ್‌ನಟ್ ಸುತ್ತ ತೊಟ್ಟಿಕ್ಕುತ್ತದೆ.

ಹಾಫ್ ಥ್ರೆಡ್ ಹಾಕುವಾಗ ಸೀಳು ಓವರ್‌ಫ್ಲೋ ತೂತಿನ ದಿಕ್ಕಿಗೆ ಬರುವಂತೆ ತಿರುಗಿಸಿ ಕೂರಿಸಿದೆ. ಮೇಲಿನ ಅಂಚಿನಡಿ ಸಿಲಿಕಾನ್ ತೆಳ್ಳಗೆ ಒಂದು ಸುತ್ತು ಮಾತ್ರ. ಧಾರಾಳವಾಗಿ ಹಚ್ಚಿದರೆ ಬಿಗಿಮಾಡುವಾಗ ಅದು ಕೆಳಗೆ ಹಿಂಡಿಕೊಂಡು ಸೀಳನ್ನೇ ಮುಚ್ಚುತ್ತದೆ, ಆಗ ಸರಿಯಾದ ವೇಸ್ಟ್ ತಂದದ್ದೂ ವ್ಯರ್ಥ. ಕೆಳಗಿನ ದಪ್ಪ ರಬ್ಬರ್ ವಾಷರ್ ಕೂರುವ ಜಾಗದಲ್ಲಿ ಮರೆಗೆ ಟೆಫ್ಲಾನ್ ಟೇಪ್ ಹತ್ತು ಸುತ್ತು ಸುತ್ತಬೇಕು. ಇಲ್ಲವಾದರೆ ಓವರ್‌ಫ್ಲೋ ನೀರು ಮರೆಯ ಸುರುಳಿ ಹಿಡಿದು ಕೆಳಗೆ ಜಿನುಗುತ್ತದೆ. ಚೆಕ್‌ನಟ್ ಕೈಬಿಗಿ, ಅದರ ಮೇಲೆ ಕಾಲು ಸುತ್ತು. ಅದಕ್ಕಿಂತ ಹೆಚ್ಚಿಗೆ ರೆಂಚ್ ಹಾಕಿದರೆ ಪಿಂಗಾಣಿ ಸೀಳುತ್ತದೆ. ಸಿಲಿಕಾನ್ ಒಂದು ರಾತ್ರಿ ಒಣಗಿದ ಮೇಲೆ ಅಳೆದಾಗ ಮುಚ್ಚಳದ ಸಮೇತ ಹದಿನೈದು ಸೆಕೆಂಡ್, ಗುಳ್ಳೆಯಿಲ್ಲ.

ಓವರ್‌ಫ್ಲೋ ಇಲ್ಲದ ಟೇಬಲ್‌ಟಾಪ್ ಬೇಸಿನ್‌ನಲ್ಲಿ ಈ ಪರಿಹಾರ ಸಿಗುವುದಿಲ್ಲ, ಗಾಳಿಗೆ ಬೇರೆ ದಾರಿಯೇ ಇಲ್ಲ. ಅಲ್ಲಿ ನೀರು ತುಂಬಿಸಿ ನಿಲ್ಲಿಸುವ ಅಭ್ಯಾಸ ಇಲ್ಲದಿದ್ದರೆ ಪಾಪ್-ಅಪ್ ಬಿಟ್ಟು, ಮುಚ್ಚಳ ಸದಾ ತೆರೆದೇ ಇರುವ ವೇಸ್ಟ್ ಹಾಕುವುದು ಒಳ್ಳೆಯದು. ನಲ್ಲಿಯನ್ನು ಪೂರ್ತಿ ತೆರೆಯದೆ, ರಂಧ್ರದ ಮೇಲೆ ನೀರಿನ ಪದರ ಕಟ್ಟದಷ್ಟು ಬಿಟ್ಟರೆ ನೀರು ಅಂಚಿಗುಂಟ ಇಳಿಯುತ್ತದೆ, ನಡುವೆ ಗಾಳಿ ಹೊರಬರುತ್ತದೆ. ಬೇಗ ಇಳಿಯಲೆಂದು ಬಾಟಲ್ ಟ್ರ್ಯಾಪನ್ನೇ ತೆಗೆದು ನೇರ ಪೈಪು ಹಾಕುವವರಿದ್ದಾರೆ. ಟ್ರ್ಯಾಪಿನಲ್ಲಿ ನಿಂತ ನೀರು ಮೋರಿಯ ವಾಸನೆಗೂ ಜಿರಳೆಗೂ ಅಡ್ಡ. ಅದನ್ನು ತೆಗೆಯಲೇಬಾರದು.

ಇನ್ನು ರಬ್ಬರ್ ಪಂಪ್ ಒತ್ತುವವರಿಗೆ: ಓವರ್‌ಫ್ಲೋ ತೂತಿಗೆ ಒದ್ದೆ ಬಟ್ಟೆ ತುರುಕಿ ಒತ್ತಿ. ತೆರೆದೇ ಬಿಟ್ಟರೆ ಒತ್ತಡವೆಲ್ಲ ಆ ದಾರಿಯಿಂದ ಹೊರಹೋಗಿ ಕೆಳಗಿನ ಕೊಳೆ ಕದಲುವುದಿಲ್ಲ. ಆ ಟೊಳ್ಳಿನೊಳಗೂ ಲೋಳೆ ಬೆಳೆಯುತ್ತದೆ, ಬೇಸಿನ್ ವಾಸನೆ ಎಷ್ಟೋ ಸಲ ಅಲ್ಲಿಂದಲೇ. ತಿಂಗಳಿಗೊಮ್ಮೆ ತೆಳುವಾದ ಬಾಟಲ್ ಬ್ರಷ್ ತೂರಿಸಿ ಉಜ್ಜಿ, ಎರಡು ಚೊಂಬು ಬೆಚ್ಚನೆ ನೀರು ಹೊಯ್ಯಿರಿ. ಹೊಯ್ದ ನೀರು ಹಿಂದಕ್ಕೆ ಬರದೆ ಇಳಿದುಹೋಯಿತೆಂದರೆ ಗಾಳಿಯ ದಾರಿಯೂ ತೆರೆದಿದೆ.