ತಾವ್‌ಬಾವ್ ಅಂಗಡಿಯ ಹಣ ಯಾವಾಗ ಕೈಗೆ ಬರುತ್ತದೆ?

ಚೀನಾದ ಆನ್‌ಲೈನ್ ಮಾರುಕಟ್ಟೆ ತಾವ್‌ಬಾವ್‌ನ ಮಾರಾಟಗಾರರ ಪುಟದಲ್ಲಿ 出售中 ಎಂದರೆ ಸರಕು ಮಾರಾಟದಲ್ಲಿದೆ. 仓库中 ಎಂದರೆ ಗೋದಾಮಿನಲ್ಲಿ ದಾಸ್ತಾನಿದೆ ಎಂದಲ್ಲ, ಆ ಸರಕು ಗ್ರಾಹಕರಿಗೆ ಕಾಣುತ್ತಿಲ್ಲ ಎಂದರ್ಥ. ಅನುವಾದ ನೋಡಿ ಮೋಸಹೋಗಬೇಡಿ.

ಹಣದ ವಿಷಯದಲ್ಲಿ 买家已付款 ಕಂಡ ತಕ್ಷಣ ಲೆಕ್ಕಕ್ಕೆ ಸೇರಿಸಬೇಡಿ. ಗ್ರಾಹಕರು ಹಣ ಕಟ್ಟಿದ್ದಾರೆ, ಆದರೆ ಅದಿನ್ನೂ ಪಾವತಿ ಸೇವೆಯಾದ ಅಲಿಪೇ ಹಿಡಿತದಲ್ಲಿದೆ. ಸರಕು ತಲುಪಿತೆಂದು ಅವರು ಒಪ್ಪಿ, ಸ್ಥಿತಿ 交易成功, ಅಂದರೆ ವಹಿವಾಟು ಯಶಸ್ವಿ, ಆದಾಗಲೇ ಹಣ ನಿಮ್ಮದು. ಕೊರಿಯರ್‌ನಲ್ಲಿ ಕಳಿಸಿದ್ದಕ್ಕೆ ಸಾಮಾನ್ಯವಾಗಿ 10 ದಿನದಲ್ಲಿ ತಾನಾಗಿ ಒಪ್ಪಿಗೆ ಬೀಳುತ್ತದೆ.

200 ಯುವಾನ್‌ನ ಸರಕನ್ನು 1ನೇ ತಾರೀಖು ಕಳಿಸಿದಿರಿ ಎನ್ನಿ. ಗ್ರಾಹಕರು ಏನೂ ಒತ್ತದಿದ್ದರೆ 11ರ ಸುಮಾರಿಗೆ ಹಣ ಬರುತ್ತದೆ. 8ರಂದು ಅವರು ಮರುಪಾವತಿ ಕೇಳಿದರೆ ಆ ಎಣಿಕೆ ನಿಲ್ಲುತ್ತದೆ. ಆಗ ಮೊದಲು ಅರ್ಜಿಯ ಬಗೆ ನೋಡಿ: 退货退款 ಆದರೆ ಸರಕು ವಾಪಸ್ ಬರುತ್ತದೆ, 仅退款 ಆದರೆ ಹಣ ಮಾತ್ರ ಹೋಗುತ್ತದೆ. ಪಕ್ಕದಲ್ಲಿ ಓಡುವ ಗಡುವು ಮುಗಿಯುವ ಮೊದಲೇ ಉತ್ತರಿಸಿ. ಸುಮ್ಮನಿದ್ದರೆ ವ್ಯವಸ್ಥೆ ಅದನ್ನು ನಿಮ್ಮ ಒಪ್ಪಿಗೆ ಎಂದೇ ತೆಗೆದುಕೊಳ್ಳುತ್ತದೆ.